ಮೂವತ್ತು ದಿನ ದಾಟಿದರೆ ಆಸ್ಪತ್ರೆ ಖರ್ಚಿನ ಕ್ಲೇಮು ಮುಗಿಯಿತೇ?

ಕ್ಯಾಶ್‌ಲೆಸ್ ಸೌಲಭ್ಯ ಸಿಗದಿದ್ದಾಗ ಆಸ್ಪತ್ರೆಯ ಬಿಲ್ಲನ್ನು ನಾವೇ ಕಟ್ಟಿ, ಆ ಹಣವನ್ನು ವಿಮಾ ಕಂಪನಿಯಿಂದ ಮರಳಿ ಕೇಳಬೇಕಾಗುತ್ತದೆ. ಇದೇ ರೀಇಂಬರ್ಸ್‌ಮೆಂಟ್ ಕ್ಲೇಮು. ಇದರ ಗಡುವಿನ ಬಗ್ಗೆ ಇರುವ ತಪ್ಪು ತಿಳಿವಳಿಕೆಯಿಂದ ನ್ಯಾಯವಾಗಿ ಬರಬೇಕಾದ ಹಣವನ್ನೂ ಅನೇಕರು ಕೈಬಿಡುತ್ತಾರೆ. 2020ರ ಏಪ್ರಿಲ್‌ನಿಂದ ಜಾರಿಗೆ ಬಂದ ‘ಆರೋಗ್ಯ ಸಂಜೀವನಿ’ ಪಾಲಿಸಿಯ ನಿಯಮಗಳನ್ನೇ ಮುಂದಿಟ್ಟುಕೊಂಡು ನೋಡೋಣ. ಬೇರೆ ಪಾಲಿಸಿಗಳಲ್ಲಿ ದಿನಗಳ ಲೆಕ್ಕ ಬದಲಾಗಬಹುದು. ನಿಮ್ಮ ಪಾಲಿಸಿಯ ಕ್ಲೇಮು ವಿಧಾನದ ಪುಟದಲ್ಲಿ ಅದು ಬರೆದಿರುತ್ತದೆ.

ತಪ್ಪು ಕಲ್ಪನೆ: ಕಾಗದಪತ್ರಗಳೆಲ್ಲ ಕೈಗೆ ಬಂದ ದಿನದಿಂದ ಗಡುವು ಶುರುವಾಗುತ್ತದೆ.

ಸತ್ಯ: ಗಡುವು ಶುರುವಾಗುವುದು ಡಿಸ್ಚಾರ್ಜ್ ಆದ ದಿನದಿಂದ. ಜೂನ್ 2ರಂದು ಮನೆಗೆ ಬಂದರೆ 30 ದಿನದೊಳಗೆ, ಅಂದರೆ ಜುಲೈ 2ರೊಳಗೆ ಕ್ಲೇಮು ಸಲ್ಲಿಸಬೇಕು. ಡಿಸ್ಚಾರ್ಜ್ ನಂತರದ 60 ದಿನಗಳ ಔಷಧಿ, ಪರೀಕ್ಷೆಗಳ ಖರ್ಚಿಗೆ ಬೇರೆಯದೇ ಗಡುವಿದೆ: ಆ ಚಿಕಿತ್ಸೆ ಮುಗಿದ ಮೇಲೆ 15 ದಿನ. ಆದ್ದರಿಂದ ಈ ಬಿಲ್ಲುಗಳಿಗಾಗಿ ಮುಖ್ಯ ಕ್ಲೇಮನ್ನು ತಡೆಹಿಡಿಯಬೇಕಿಲ್ಲ. ಇದಕ್ಕೆಲ್ಲ ಮೊದಲು ಕಂಪನಿಗೆ ಮಾಹಿತಿ ಕೊಡುವ ಹೆಜ್ಜೆಯೊಂದಿದೆ. ತುರ್ತು ದಾಖಲಾತಿಯಾದರೆ 24 ಗಂಟೆಯೊಳಗೆ ಅಥವಾ ಡಿಸ್ಚಾರ್ಜ್‌ಗೆ ಮೊದಲು, ಇವೆರಡರಲ್ಲಿ ಯಾವುದು ಮುಂಚೆಯೋ ಆಗ ತಿಳಿಸಬೇಕು. ಮೊದಲೇ ಗೊತ್ತುಮಾಡಿದ ಚಿಕಿತ್ಸೆಯಾದರೆ 48 ಗಂಟೆ ಮುಂಚೆ ತಿಳಿಸಬೇಕು.

ತಪ್ಪು ಕಲ್ಪನೆ: ಒಂದು ಕಾಗದ ಕಡಿಮೆಯಿದ್ದರೂ ಕ್ಲೇಮು ಹಾಕಬಾರದು.

ಸತ್ಯ: ಗಡುವಿನೊಳಗೆ ಇದ್ದಷ್ಟನ್ನು ಸಲ್ಲಿಸುವುದೇ ಜಾಣತನ. ಹುಬ್ಬಳ್ಳಿಯಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಜೂನ್ 2ರಂದು ಮನೆಗೆ ಬಂದ ಶಿಕ್ಷಕಿಯೊಬ್ಬರನ್ನು ಊಹಿಸಿಕೊಳ್ಳಿ. ಡಿಸ್ಚಾರ್ಜ್ ಸಮರಿ, ಹಣ ಕಟ್ಟಿದ ರಸೀದಿಗಳು ಕೈಯಲ್ಲಿವೆ. ಬಾಬ್ತುವಾರು ವಿವರದ ಬಿಲ್ಲು ಮತ್ತು ಬಯಾಪ್ಸಿ ವರದಿ ಬಂದಿಲ್ಲ. ಅವರು ಜೂನ್ 28ರಂದೇ ಕ್ಲೇಮು ಫಾರಂ ತುಂಬಿ, ಇರುವ ಮೂಲ ಕಾಗದಗಳ ಜೊತೆಗೆ ಒಂದು ಪತ್ರ ಲಗತ್ತಿಸುತ್ತಾರೆ. ಯಾವುದನ್ನು ಕೊಟ್ಟಿದ್ದೇನೆ, ಯಾವುದು ಬಾಕಿ, ಅದನ್ನು ಆಸ್ಪತ್ರೆಯಲ್ಲಿ ಯಾವ ದಿನ ಕೇಳಿದ್ದೇನೆ ಎಂದು ಅದರಲ್ಲಿ ಬರೆದಿರುತ್ತದೆ. ಎಲ್ಲದರ ನಕಲು ಇಟ್ಟುಕೊಂಡು, ಕ್ಲೇಮು ಸಂಖ್ಯೆಯಿರುವ ಸ್ವೀಕೃತಿ ಪಡೆಯುತ್ತಾರೆ. ಜುಲೈ 15ಕ್ಕೆ ಬಾಕಿ ಕಾಗದಗಳು ಬಂದಾಗ ಅದೇ ಸಂಖ್ಯೆ ಬರೆದು ಕಳಿಸುತ್ತಾರೆ. ಗಡುವಿನೊಳಗೆ ಕ್ಲೇಮು ಹಾಕಿದ್ದಕ್ಕೂ ಉಳಿದ ಕಾಗದ ತಡವಾದದ್ದಕ್ಕೂ ಈಗ ಅವರ ಬಳಿ ಬರವಣಿಗೆಯ ಸಾಕ್ಷಿಯಿದೆ.

ತಪ್ಪು ಕಲ್ಪನೆ: ಆಸ್ಪತ್ರೆಯವರು ಕೊಟ್ಟಾಗ ತೆಗೆದುಕೊಳ್ಳಬೇಕು, ಕೇಳುವ ಹಕ್ಕಿಲ್ಲ.

ಸತ್ಯ: ರೋಗಿ ಅಥವಾ ಅವರು ಅಧಿಕಾರ ಕೊಟ್ಟ ವ್ಯಕ್ತಿ ವೈದ್ಯಕೀಯ ದಾಖಲೆ ಕೇಳಿದರೆ 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಡವಳಿಕೆ ನಿಯಮಗಳು ಹೇಳುತ್ತವೆ. ಆದರೆ ಕೌಂಟರ್‌ನಲ್ಲಿ ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಪುರಾವೆ ಇರುವುದಿಲ್ಲ. ಒಳರೋಗಿ ಸಂಖ್ಯೆ, ದಾಖಲಾದ ಮತ್ತು ಡಿಸ್ಚಾರ್ಜ್ ಆದ ದಿನಾಂಕ, ಬೇಕಾದ ಕಾಗದಗಳ ಪಟ್ಟಿ ಬರೆದು ವೈದ್ಯಕೀಯ ದಾಖಲೆ ವಿಭಾಗಕ್ಕೆ ಅರ್ಜಿ ಕೊಡಿ. ನಕಲಿನ ಮೇಲೆ ದಿನಾಂಕಸಹಿತ ಮೊಹರು ಹಾಕಿಸಿಕೊಳ್ಳಿ, ಇಮೇಲ್ ಕೂಡ ಕಳಿಸಿ. ಮುಂದೆ ತಡವೇಕಾಯಿತೆಂದು ಕಂಪನಿ ಕೇಳಿದಾಗ ಕೊಡಬೇಕಾದ ಉತ್ತರ ಈ ಮೊಹರಿನಲ್ಲೇ ಇರುತ್ತದೆ. ಬಯಾಪ್ಸಿಯಂಥ ವರದಿ ಸಿದ್ಧವಾಗಲು ಸಮಯ ಹಿಡಿಯುವುದು ಸಹಜ. ಅದು ಯಾವಾಗ ಸಿಗುತ್ತದೆಂದು ಬರೆಸಿಕೊಂಡರೆ ಸಾಕು.

ತಪ್ಪು ಕಲ್ಪನೆ: ಗಡುವು ದಾಟಿದರೆ ಹಣ ಹೋದಂತೆಯೇ.

ಸತ್ಯ: ವಿಮಾದಾರರ ಕೈಮೀರಿದ ಕಾರಣದಿಂದ ತಡವಾಗಿದೆ ಎಂದು ರುಜುವಾತಾದರೆ ವಿಳಂಬವನ್ನು ಮನ್ನಿಸಬಹುದೆಂದು ಪಾಲಿಸಿಯಲ್ಲೇ ಇದೆ. ವಿಮಾ ನಿಯಂತ್ರಣ ಪ್ರಾಧಿಕಾರದ 2011ರ ಸೆಪ್ಟೆಂಬರ್ 20ರ ಸುತ್ತೋಲೆ ಇನ್ನೂ ಸ್ಪಷ್ಟವಾಗಿ ಹೇಳುತ್ತದೆ. ತಡಕ್ಕೆ ಕಾರಣವೇನೆಂದು ಕಂಪನಿ ವಿಚಾರಿಸಿ ದಾಖಲಿಸಬೇಕು. ಸಕಾಲಕ್ಕೆ ಬಂದಿದ್ದರೂ ಆ ಕ್ಲೇಮು ತಿರಸ್ಕೃತವಾಗುತ್ತಿತ್ತು ಎಂದು ಮನವರಿಕೆಯಾಗದ ಹೊರತು, ತಡವಾಯಿತೆಂಬ ಒಂದೇ ನೆಪದಿಂದ ಅದನ್ನು ತಳ್ಳಿಹಾಕುವಂತಿಲ್ಲ. ಹಾಗಾಗಿ ಗಡುವು ಮೀರಿದ್ದರೂ ಕ್ಲೇಮು ಹಾಕಿ. ತಡದ ಕಾರಣವನ್ನು ದಿನಾಂಕಗಳೊಂದಿಗೆ ವಿವರಿಸುವ ಪತ್ರ, ಆಸ್ಪತ್ರೆಗೆ ಕೊಟ್ಟ ಅರ್ಜಿಯ ನಕಲು, ಸಾಧ್ಯವಾದರೆ ಕಾಗದ ಕೊಟ್ಟ ದಿನವನ್ನು ದೃಢೀಕರಿಸುವ ಆಸ್ಪತ್ರೆಯ ಪತ್ರ, ಇವು ಜೊತೆಗಿರಲಿ.

ಆದರೂ ತಿರಸ್ಕರಿಸಿದರೆ ಕಾರಣವನ್ನು ಬರವಣಿಗೆಯಲ್ಲಿ ಪಡೆದು, ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಕರ್ನಾಟಕದವರು ಬೆಂಗಳೂರಿನಲ್ಲಿರುವ ವಿಮಾ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಆದರೆ ಇಲ್ಲಿಯೂ ಒಂದು ವರ್ಷದ ಗಡುವಿದೆ. ಕಂಪನಿಯ ಪತ್ರ ಬಂದ ದಿನಾಂಕವನ್ನು ಅದರ ಮೇಲೆಯೇ ಬರೆದಿಟ್ಟುಕೊಳ್ಳಿ.