‘ಯಾವ ಮಾಹಿತಿಯನ್ನೂ ಸಂಗ್ರಹಿಸುವುದಿಲ್ಲ’ ಎಂದು ಬರೆಯುವ ಮೊದಲು

ಸಾಗರದ ಕಡೆಯ ಹುಡುಗನೊಬ್ಬ ಅಡಿಕೆ ಧಾರಣೆಯ ಆ್ಯಪ್ ಮಾಡಿದ್ದಾನೆ ಎಂದುಕೊಳ್ಳಿ. ಶಿವಮೊಗ್ಗ, ಸಾಗರ, ಶಿರಸಿ, ಯಲ್ಲಾಪುರ ಮಾರುಕಟ್ಟೆಗಳ ಆ ದಿನದ ದರ ಅದರಲ್ಲಿ ಸಿಗುತ್ತದೆ. ರಾಶಿ, ಬೆಟ್ಟೆ, ಚಾಲಿ ಎಂದು ಟೈಪ್ ಮಾಡಿ ಹುಡುಕಬಹುದು. ಲಾಗಿನ್ ಇಲ್ಲ, ಜಾಹೀರಾತಿಲ್ಲ, ಯಾರ ಹೆಸರನ್ನೂ ನಂಬರನ್ನೂ ಕೇಳುವುದಿಲ್ಲ. ಎಷ್ಟು ಜನ ಬಳಸುತ್ತಾರೆ, ಯಾವ ಮಾರುಕಟ್ಟೆಯನ್ನು ಹೆಚ್ಚು ನೋಡುತ್ತಾರೆ ಎಂದು ತಿಳಿಯಲು ಗೂಗಲ್‌ನ ಫೈರ್‌ಬೇಸ್ ಅನಲಿಟಿಕ್ಸ್ ಮಾತ್ರ ಸೇರಿಸಿದ್ದಾನೆ. ಪ್ಲೇ ಸ್ಟೋರ್‌ಗೆ ಹಾಕಲು ಹೋದಾಗ Data safety ಎಂಬ ಫಾರ್ಮ್ ಎದುರಾಗುತ್ತದೆ. ಬಳಕೆದಾರರ ಮಾಹಿತಿಯನ್ನು ಸಂಗ್ರಹಿಸುತ್ತೀರಾ ಅಥವಾ ಹಂಚಿಕೊಳ್ಳುತ್ತೀರಾ ಎಂದು ಅದು ಕೇಳುತ್ತದೆ. ಹುಡುಗ ‘ಇಲ್ಲ’ ಒತ್ತುತ್ತಾನೆ. ಸುಳ್ಳು ಹೇಳುವ ಉದ್ದೇಶ ಅವನಿಗಿಲ್ಲ. ಆದರೂ ಉತ್ತರ ತಪ್ಪು.

2022ರ ಏಪ್ರಿಲ್‌ನಿಂದ ಪ್ಲೇ ಸ್ಟೋರ್‌ನಲ್ಲಿ ಆ್ಯಪ್‌ನ ವಿವರದ ಕೆಳಗೆ ಮಾಹಿತಿ ಸುರಕ್ಷತೆಯ ಒಂದು ಭಾಗ ಕಾಣಿಸುತ್ತಿದೆ. ಅದೇ ವರ್ಷದ ಜುಲೈ 20ರೊಳಗೆ ಎಲ್ಲ ಡೆವಲಪರ್‌ಗಳೂ ಫಾರ್ಮ್ ತುಂಬಬೇಕಿತ್ತು. ಇನ್‌ಸ್ಟಾಲ್ ಮಾಡುವ ಮೊದಲು ಜನ ಓದುವುದು ಡೆವಲಪರ್ ಅಲ್ಲಿ ಕೊಟ್ಟ ಹೇಳಿಕೆಯನ್ನೇ. ಅದರ ಹೊಣೆ ಪೂರ್ತಿ ಡೆವಲಪರ್‌ನದು ಎಂದು ಗೂಗಲ್ ಸ್ಪಷ್ಟವಾಗಿ ಹೇಳಿದೆ. ಹೇಳಿಕೆಗೂ ಆ್ಯಪ್‌ನ ನಡವಳಿಕೆಗೂ ತಾಳೆಯಾಗದಿದ್ದರೆ ಅಪ್‌ಡೇಟ್ ತಡೆಯುವುದರಿಂದ ಹಿಡಿದು ಆ್ಯಪ್ ತೆಗೆದುಹಾಕುವವರೆಗೆ ಕ್ರಮ ಜರುಗಬಹುದು.

ಹುಡುಗನ ಉತ್ತರ ತಪ್ಪಾಗಲು ಕಾರಣ, ‘ಸಂಗ್ರಹ’ ಎಂದರೆ ತನ್ನ ಸರ್ವರ್‌ನಲ್ಲಿ ಕೂಡಿಡುವುದು ಎಂದು ಅವನು ಅಂದುಕೊಂಡದ್ದು. ಫಾರ್ಮ್‌ನ ಲೆಕ್ಕದಲ್ಲಿ ಬಳಕೆದಾರರ ಫೋನಿನಿಂದ ಮಾಹಿತಿ ಹೊರಗೆ ಹೋದರೆ ಅದು ಸಂಗ್ರಹ. ಕಳಿಸಿದ್ದು ನೀವು ಬರೆದ ಕೋಡೋ, ಸೇರಿಸಿಕೊಂಡ ಬೇರೆಯವರ ಲೈಬ್ರರಿಯೋ ಎಂಬುದು ಮುಖ್ಯವಲ್ಲ. ಫೋನಿನೊಳಗೇ ಉಳಿಯುವುದನ್ನು ಹೇಳಬೇಕಿಲ್ಲ. ರೈತರು ‘ನನ್ನ ಮಾರುಕಟ್ಟೆ’ ಎಂದು ಗುರುತಿಸಿಟ್ಟ ಆಯ್ಕೆ ಫೋನಿನಲ್ಲೇ ಇದ್ದರೆ ಲೆಕ್ಕಕ್ಕಿಲ್ಲ. ಅದೇ ಆಯ್ಕೆಯನ್ನು ಅನಲಿಟಿಕ್ಸ್‌ಗೆ ಒಂದು ಘಟನೆಯಾಗಿ ಕಳಿಸಿದರೆ ಲೆಕ್ಕಕ್ಕೆ ಬಂತು.

ಹಾಗಾಗಿ ಫಾರ್ಮ್ ತೆರೆಯುವ ಮೊದಲು ಈ ಆ್ಯಪ್ ಏನನ್ನು ಹೊರಗೆ ಕಳಿಸುತ್ತಿದೆ ಎಂದು ಕಣ್ಣಾರೆ ನೋಡಬೇಕು. ಊಹೆಯ ಮೇಲೆ ತುಂಬಿದ ಫಾರ್ಮ್‌ಗಳಲ್ಲೇ ತಪ್ಪು ಹೆಚ್ಚು. ಫೋನನ್ನು ಕಂಪ್ಯೂಟರ್‌ಗೆ ಜೋಡಿಸಿ, ಆ್ಯಪ್‌ನ ಪ್ಯಾಕೇಜ್ ಹೆಸರು ಕೊಟ್ಟು ಈ ಒಂದು ಸಾಲು ಓಡಿಸಿದರೆ ಸಾಕು:

```
adb shell setprop debug.firebase.analytics.app com.example.dharane
```

ಆಮೇಲೆ ಫೈರ್‌ಬೇಸ್‌ನ DebugView ಪುಟ ತೆರೆದಿಟ್ಟು ಆ್ಯಪ್ ಬಳಸುತ್ತಾ ಹೋಗಿ. ನೀವು ಬರೆಯದ ಘಟನೆಗಳೂ ಅಲ್ಲಿ ಬಂದು ಬೀಳುತ್ತವೆ: ಮೊದಲ ಸಲ ತೆರೆದಾಗ `first_open`, ಬಳಕೆ ಶುರುವಾದಾಗ `session_start`, ಪುಟ ಬದಲಾದಾಗ `screen_view`. ಜೊತೆಗೆ ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ಭಾಷೆಯ ವಿವರವೂ ಹೋಗುತ್ತದೆ. ಲೈಬ್ರರಿ ಸೇರಿಸಿದ್ದಷ್ಟೇ ಕಾರಣ. ಕೋಡಿನಲ್ಲಿ ಒಂದು ಸಾಲೂ ಬರೆಯಬೇಕಿಲ್ಲ.

ನಮ್ಮ ಹುಡುಗ ಇಷ್ಟನ್ನು ನೋಡಿ ಮತ್ತೆ ಫಾರ್ಮ್‌ಗೆ ಬಂದ ಎನ್ನೋಣ. ಈಗ ಮೊದಲ ಉತ್ತರ ‘ಹೌದು’. ಮುಂದಿನ ಪುಟದಲ್ಲಿ ಮಾಹಿತಿಯ ಬಗೆಗಳ ದೊಡ್ಡ ಪಟ್ಟಿಯಿದೆ. ಅವನಿಗೆ ಸಂಬಂಧಿಸಿದ್ದು ನಾಲ್ಕೇ.

App interactions ಎಂಬುದರ ಬಗ್ಗೆ ಅನುಮಾನವೇ ಬೇಡ. ಪುಟ ನೋಡಿದ್ದು, ಗುಂಡಿ ಒತ್ತಿದ್ದು ಎಲ್ಲ ಅದರಡಿ ಬರುತ್ತದೆ.

Device or other IDs ಎಂಬಲ್ಲಿ ತುಂಬ ಜನ ಎಡವುತ್ತಾರೆ. ಐಎಂಇಐ ನಂಬರ್ ತೆಗೆದುಕೊಂಡಿಲ್ಲವಲ್ಲ ಎಂದು ಬಿಟ್ಟುಬಿಡುತ್ತಾರೆ. ಆದರೆ ಫೈರ್‌ಬೇಸ್ ಪ್ರತಿ ಇನ್‌ಸ್ಟಾಲ್‌ಗೂ ಒಂದು ಗುರುತಿನ ಸಂಖ್ಯೆ ಕೊಡುತ್ತದೆ, ಈ ಬಗೆಗೆ ಗೂಗಲ್ ಕೊಟ್ಟಿರುವ ಉದಾಹರಣೆಗಳಲ್ಲೇ ಅದೂ ಇದೆ. ಇದರ ಮೇಲೆ ಇನ್ನೊಂದು ಸಂಗತಿಯುಂಟು. ಅನಲಿಟಿಕ್ಸ್ ಲೈಬ್ರರಿ ತನ್ನ ಜೊತೆಗೆ ಜಾಹೀರಾತು ಐಡಿ ಓದುವ ಅನುಮತಿಯನ್ನೂ ಆ್ಯಪ್‌ನ ಮ್ಯಾನಿಫೆಸ್ಟ್‌ಗೆ ತಂದು ಸೇರಿಸುತ್ತದೆ. ಜಾಹೀರಾತೇ ಇಲ್ಲದ ಆ್ಯಪ್‌ಗೆ ಅದು ಯಾಕೆ? ಪ್ಲೇ ಕನ್ಸೋಲ್‌ನ ಇನ್ನೊಂದು ಪುಟದಲ್ಲಿ ‘ಜಾಹೀರಾತು ಐಡಿ ಬಳಸುವುದಿಲ್ಲ’ ಎಂದು ಹೇಳಿ, ಮ್ಯಾನಿಫೆಸ್ಟ್‌ನಲ್ಲಿ ಆ ಅನುಮತಿ ಉಳಿದಿದ್ದರೆ, ಆಂಡ್ರಾಯ್ಡ್ 13 ಅಥವಾ ಮೇಲಿನ ಆವೃತ್ತಿಗೆ ಕಟ್ಟಿದ ಬಿಲ್ಡ್ ಅಲ್ಲೇ ತಡೆದು ನಿಲ್ಲುತ್ತದೆ. ಆಂಡ್ರಾಯ್ಡ್ ಸ್ಟುಡಿಯೊದಲ್ಲಿ ಮ್ಯಾನಿಫೆಸ್ಟ್ ಫೈಲ್ ತೆರೆದು ಕೆಳಗಿನ Merged Manifest ಒತ್ತಿದರೆ ಯಾವ ಅನುಮತಿ ಯಾವ ಲೈಬ್ರರಿಯಿಂದ ಬಂತು ಎಂದು ತಿಳಿಯುತ್ತದೆ. ಬೇಡದ್ದನ್ನು ಹೀಗೆ ತೆಗೆಯಬಹುದು:

```
<uses-permission
  android:name="com.google.android.gms.permission.AD_ID"
  tools:node="remove" />
```

ಇದಾದ ಮೇಲೂ ಇನ್‌ಸ್ಟಾಲ್‌ನ ಗುರುತಿನ ಸಂಖ್ಯೆ ಹೋಗುತ್ತಲೇ ಇರುವುದರಿಂದ ಆ ಬಗೆಗೆ ಗುರುತು ಹಾಕಲೇಬೇಕು.

ಮೂರನೆಯದು Approximate location. ಆ್ಯಪ್ ಜಿಪಿಎಸ್ ಮುಟ್ಟುವುದಿಲ್ಲ ನಿಜ. ಆದರೆ ಅನಲಿಟಿಕ್ಸ್ ವರದಿಯಲ್ಲಿ ಬಳಕೆದಾರರ ಊರು ಕಾಣಿಸುತ್ತದೆ. ಅದನ್ನು ಐಪಿ ವಿಳಾಸದಿಂದ ಅಂದಾಜು ಮಾಡಿರುತ್ತಾರೆ. ಐಪಿಯಿಂದ ಸ್ಥಳ ತಿಳಿದುಕೊಳ್ಳುವುದಾದರೆ ಅದನ್ನೂ ಹೇಳಿ ಎಂಬುದು ಗೂಗಲ್‌ನ ಸೂಚನೆ. ಊರಿನ ವಿವರವಿರುವ ವರದಿ ನೋಡುವವರು ಇಲ್ಲಿ ಗುರುತು ಹಾಕುವುದೇ ಸರಿ ಎಂದು ನನ್ನ ಅಭಿಪ್ರಾಯ.

ನಾಲ್ಕನೆಯದು ಹುಡುಕಾಟ. ಜನ ಏನು ಹುಡುಕುತ್ತಾರೆ ಎಂದು ನೋಡಲು ಅವರು ಟೈಪ್ ಮಾಡಿದ್ದನ್ನೆಲ್ಲ ಹುಡುಗ ಹಾಗೇ ಅನಲಿಟಿಕ್ಸ್‌ಗೆ ಕಳಿಸಿದ್ದಾನೆ. ಅದು In-app search history ಆಯಿತು. ಇಲ್ಲಿ ಫಾರ್ಮ್‌ಗಿಂತ ದೊಡ್ಡ ತೊಂದರೆಯಿದೆ. ಹುಡುಕುವ ಜಾಗದಲ್ಲಿ ಜನ ಏನನ್ನು ಬೇಕಾದರೂ ಬರೆಯುತ್ತಾರೆ. ವ್ಯಾಪಾರಿಯ ಹೆಸರು, ಫೋನ್ ನಂಬರ್ ಕೂಡ. ವ್ಯಕ್ತಿಯನ್ನು ಗುರುತಿಸಬಹುದಾದ ಇಂಥ ವಿವರ ಕಳಿಸಕೂಡದು ಎಂದು ಗೂಗಲ್ ಅನಲಿಟಿಕ್ಸ್‌ನ ಷರತ್ತೇ ಇದೆ. ಬರೆದದ್ದನ್ನು ಕಳಿಸುವ ಬದಲು, ಹುಡುಕಿದ್ದು ಆ್ಯಪ್‌ನ ಪಟ್ಟಿಯಲ್ಲಿರುವ ವಿಧಕ್ಕೆ ಹೊಂದಿದರೆ ಆ ವಿಧದ ಹೆಸರು, ಹೊಂದದಿದ್ದರೆ ‘ಸಿಗಲಿಲ್ಲ’ ಎಂದಷ್ಟೇ ಕಳಿಸಿದರೆ ಹುಡುಗನಿಗೆ ಬೇಕಾದ ಉತ್ತರ ಸಿಗುತ್ತದೆ, ಯಾರ ನಂಬರೂ ಹೊರಗೆ ಹೋಗುವುದಿಲ್ಲ.

ಗುರುತು ಹಾಕಿದ ಪ್ರತಿ ಬಗೆಗೂ ಸಂಗ್ರಹವೋ ಹಂಚಿಕೆಯೋ, ಯಾವ ಉದ್ದೇಶಕ್ಕೆ, ಬೇಡವೆನ್ನುವ ಅವಕಾಶ ಬಳಕೆದಾರರಿಗೆ ಇದೆಯೋ ಎಂದು ಕೇಳುತ್ತಾರೆ. ಉದ್ದೇಶ Analytics, ಅಷ್ಟೇ. ಹಂಚಿಕೆಯ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಬೇಕು. ಡೆವಲಪರ್ ಪರವಾಗಿ, ಅವನು ಹೇಳಿದಂತೆ ಮಾಹಿತಿ ನಿಭಾಯಿಸುವ ಸೇವಾ ಸಂಸ್ಥೆಗೆ ಕಳಿಸಿದ್ದು ಹಂಚಿಕೆಯಲ್ಲ ಎಂಬ ವಿನಾಯಿತಿ ಇದೆ. ಅನಲಿಟಿಕ್ಸ್ ಸಾಮಾನ್ಯವಾಗಿ ಇದರಡಿ ಬರುತ್ತದೆ. ಆದರೆ ಅನಲಿಟಿಕ್ಸ್ ಖಾತೆಯ ಸೆಟ್ಟಿಂಗ್‌ನಲ್ಲಿ, ಗೂಗಲ್ ತನ್ನ ಸೇವೆಗಳಿಗೂ ಈ ಮಾಹಿತಿ ಬಳಸಿಕೊಳ್ಳಲಿ ಎಂಬ ಆಯ್ಕೆ ಆನ್ ಆಗಿದ್ದರೆ ಅಥವಾ ಖಾತೆಯನ್ನು ಜಾಹೀರಾತು ಖಾತೆಗೆ ಜೋಡಿಸಿದ್ದರೆ, ‘ನನ್ನ ಪರವಾಗಿ ಮಾತ್ರ’ ಎಂಬ ಮಾತು ಗಟ್ಟಿಯಾಗಿ ನಿಲ್ಲುವುದಿಲ್ಲ. ಧಾರಣೆಯ ಆ್ಯಪ್‌ಗೆ ಅವೆರಡೂ ಬೇಕಿಲ್ಲ. ಆಫ್ ಮಾಡಿ, ‘ಸಂಗ್ರಹ’ಕ್ಕೆ ಮಾತ್ರ ಗುರುತು ಹಾಕುವುದು ನೇರ ದಾರಿ.

ಅಳಿಸುವ ಬಗ್ಗೆಯೂ ಫಾರ್ಮ್ ಕೇಳುತ್ತದೆ. ಬಳಕೆದಾರರು ಕೇಳಿದರೆ ಅಳಿಸುತ್ತೀರಾ ಎಂಬುದಕ್ಕೆ ಹೌದು, ಇಲ್ಲ ಎಂಬುದರ ಜೊತೆಗೆ, 90 ದಿನದೊಳಗೆ ತಾನಾಗಿ ಅಳಿಯುತ್ತದೆ ಎಂಬ ಉತ್ತರವೂ ಇದೆ. ಅನಲಿಟಿಕ್ಸ್‌ನಲ್ಲಿ ಬಳಕೆದಾರರ ಮಟ್ಟದ ಮಾಹಿತಿಯನ್ನು 2 ತಿಂಗಳಿಗೆ ಇಡಬಹುದು, 14 ತಿಂಗಳಿಗೂ ಇಡಬಹುದು. ಹುಡುಗ 2 ತಿಂಗಳು ಆರಿಸಿದ್ದಾನೆ, ಆದ್ದರಿಂದ ಮೂರನೆಯ ಉತ್ತರ ಸರಿ ಎಂದುಕೊಳ್ಳುತ್ತಾನೆ. ಅದೇ ಪುಟದಲ್ಲಿ ಇನ್ನೊಂದು ಸ್ವಿಚ್ ಇದೆ: ಬಳಕೆದಾರರು ಮತ್ತೆ ಬಂದಾಗಲೆಲ್ಲ ಅವರ ಗುರುತಿನ ಅವಧಿಯನ್ನು ಮೊದಲಿನಿಂದ ಎಣಿಸುವ ಸ್ವಿಚ್. ಅದು ಆನ್ ಇದ್ದರೆ ದಿನಾ ಬೆಳಿಗ್ಗೆ ಧಾರಣೆ ನೋಡುವ ರೈತರ ಗುರುತು ಎಂದಿಗೂ ಅಳಿಯುವುದಿಲ್ಲ. ಅದನ್ನು ಆಫ್ ಮಾಡಿದ ಮೇಲೆಯೇ ಆ ಉತ್ತರ ಕೊಡಬೇಕು.

ಇನ್ನು ಗೌಪ್ಯತಾ ನೀತಿ. ಇದರ ಕೊಂಡಿ ಪ್ಲೇ ಕನ್ಸೋಲ್‌ನಲ್ಲೂ ಇರಬೇಕು, ಆ್ಯಪ್‌ನೊಳಗೂ ಇರಬೇಕು. ಯಾರು ಬೇಕಾದರೂ ತೆರೆಯಬಹುದಾದ ವೆಬ್ ಪುಟವಾಗಿರಬೇಕು. ಪಿಡಿಎಫ್ ನಡೆಯುವುದಿಲ್ಲ, ಓದುವವರು ತಿದ್ದಬಹುದಾದ ಡಾಕ್ಯುಮೆಂಟ್ ಕೂಡ ನಡೆಯುವುದಿಲ್ಲ. ಸ್ಟೋರ್‌ನಲ್ಲಿ ಕಾಣುವ ಡೆವಲಪರ್ ಹೆಸರು ಅಥವಾ ಆ್ಯಪ್‌ನ ಹೆಸರು ನೀತಿಯಲ್ಲಿ ಇರಲೇಬೇಕು, ಸಂಪರ್ಕಿಸುವ ದಾರಿಯೂ ಬೇಕು. ಹೆಚ್ಚಿನವರು ಯಾವುದೋ ತಾಣದಿಂದ ಸಿದ್ಧ ನೀತಿ ತಂದು ಅಂಟಿಸುತ್ತಾರೆ. ಅದರಲ್ಲಿ ಕುಕೀ, ಕ್ರೆಡಿಟ್ ಕಾರ್ಡ್, ಮಾರುಕಟ್ಟೆ ಪಾಲುದಾರರು ಎಂದೆಲ್ಲ ಇರುತ್ತದೆ, ಅನಲಿಟಿಕ್ಸ್‌ನ ಹೆಸರೇ ಇರುವುದಿಲ್ಲ. ಮೇಲೆ ನೋಡಿದ್ದನ್ನು ಸಾಲಾಗಿ ಬರೆದರೆ ನೀತಿ ಅರ್ಧ ಮುಗಿದಂತೆ:

‘ಜನ ಈ ಆ್ಯಪ್ ಅನ್ನು ಹೇಗೆ ಬಳಸುತ್ತಾರೆ ಎಂದು ತಿಳಿಯಲು ಗೂಗಲ್ ಅನಲಿಟಿಕ್ಸ್ ಬಳಸುತ್ತೇವೆ. ನೀವು ಯಾವ ಪುಟ ತೆರೆದಿರಿ, ಯಾವ ಮಾರುಕಟ್ಟೆ ಮತ್ತು ವಿಧದ ದರ ನೋಡಿದಿರಿ, ನಿಮ್ಮ ಫೋನಿನ ಮಾಡೆಲ್ ಮತ್ತು ಭಾಷೆ, ಐಪಿ ವಿಳಾಸದಿಂದ ಅಂದಾಜಿಸಿದ ಊರು, ಈ ಇನ್‌ಸ್ಟಾಲ್‌ಗೆ ಕೊಟ್ಟ ಒಂದು ಗುರುತಿನ ಸಂಖ್ಯೆ ಇವು ಗೂಗಲ್‌ನ ಸರ್ವರ್‌ಗೆ ಹೋಗುತ್ತವೆ. ನಿಮ್ಮ ಹೆಸರು, ಫೋನ್ ನಂಬರ್, ಜಾಹೀರಾತು ಐಡಿ ಹೋಗುವುದಿಲ್ಲ. ಬಳಕೆದಾರರ ಮಟ್ಟದ ವಿವರ 2 ತಿಂಗಳಾದ ಮೇಲೆ ಅಳಿಯುತ್ತದೆ. ಒಟ್ಟು ಎಷ್ಟು ಜನ ನೋಡಿದರು ಎಂಬಂಥ ಮೊತ್ತದ ಲೆಕ್ಕ ಉಳಿಯುತ್ತದೆ. ಬೇಡವಾದರೆ ಸೆಟ್ಟಿಂಗ್‌ನಲ್ಲಿ ಇದನ್ನು ನಿಲ್ಲಿಸಬಹುದು.’

ಕೊನೆಯ ವಾಕ್ಯ ಬರೆಯಬೇಕಾದರೆ ಆ ಸ್ವಿಚ್ ಆ್ಯಪ್‌ನಲ್ಲಿ ನಿಜವಾಗಿ ಇರಬೇಕು. ಅದು `setAnalyticsCollectionEnabled(false)` ಎಂದು ಕರೆಯುವ ಒಂದು ಸಾಲಿನ ಕೆಲಸ. ಅದಿದ್ದರೆ ಫಾರ್ಮ್‌ನಲ್ಲೂ ‘ಕಡ್ಡಾಯ’ ಎಂಬುದನ್ನು ಬಿಟ್ಟು ‘ಬಳಕೆದಾರರ ಆಯ್ಕೆ’ ಎಂದು ಹಾಕಬಹುದು.

ನೀತಿಯನ್ನು ಮೇಲಿನಂತೆ ಕನ್ನಡದಲ್ಲೇ ಬರೆದದ್ದು ಬೇಕೆಂದೇ. ಧಾರಣೆ ನೋಡುವ ರೈತರಿಗೆ ಇಂಗ್ಲಿಷ್ ನೀತಿ ಕೊಟ್ಟು ತಿಳಿಸಿದ್ದೇವೆ ಎನ್ನುವುದು ನ್ಯಾಯವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ 5ನೇ ಸೆಕ್ಷನ್ ಕೂಡ, ಒಪ್ಪಿಗೆ ಕೇಳುವಾಗ ಕೊಡುವ ನೋಟಿಸನ್ನು ಇಂಗ್ಲಿಷಿನಲ್ಲಾಗಲಿ, ಸಂವಿಧಾನದ ಎಂಟನೇ ಅನುಸೂಚಿಯಲ್ಲಿರುವ ಭಾಷೆಗಳಲ್ಲಾಗಲಿ ಓದುವ ಆಯ್ಕೆ ಇರಬೇಕು ಎನ್ನುತ್ತದೆ. ಕನ್ನಡ ಆ ಅನುಸೂಚಿಯಲ್ಲಿದೆ. ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುತ್ತಿವೆ.

ಆರು ತಿಂಗಳ ನಂತರ ಆ್ಯಪ್ ಆಗಾಗ ನಿಂತುಹೋಗುತ್ತಿದೆ ಎಂದು ಹುಡುಗ ಕ್ರ್ಯಾಶ್‌ಲಿಟಿಕ್ಸ್ ಸೇರಿಸುತ್ತಾನೆ ಎನ್ನಿ. ಕೋಡಿನಲ್ಲಿ ಅದು ಎರಡು ಸಾಲಿನ ಬದಲಾವಣೆ. ಆದರೆ ಅವತ್ತಿನಿಂದ ಆ್ಯಪ್ ಕುಸಿದಾಗಿನ ದಾಖಲೆಯೂ ಫೋನಿನಿಂದ ಹೊರಗೆ ಹೋಗುತ್ತದೆ. ಆದ್ದರಿಂದ ಆ ಬಿಲ್ಡ್ ಬಿಡುಗಡೆ ಮಾಡುವ ದಿನವೇ ಫಾರ್ಮ್‌ನಲ್ಲಿ Crash logs ಎಂಬುದಕ್ಕೂ ಗುರುತು ಬೀಳಬೇಕು, ನೀತಿಗೆ ಅದರ ಬಗ್ಗೆ ಒಂದು ವಾಕ್ಯ ಸೇರಬೇಕು, ನೀತಿಯ ಮೇಲಿರುವ ದಿನಾಂಕ ಬದಲಾಗಬೇಕು.