ಇಶ್ಯೂ ಹಂಚುವ ಮೊದಲು ತೀರ್ಪು ಹಂಚಿ

ಕೋರ್ಟ್ ಮಾಸ್ಟರ್ ‘2 ನಿಮಿಷ’ ಎಂದು ಬರೆದ ಚೀಟಿ ಎತ್ತಿ ತೋರಿಸಿದಾಗ ಹುಡುಗ ಇನ್ನೂ ಮೊದಲನೆಯ ಇಶ್ಯೂ ಮುಗಿಸಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಜೊತೆಗಾತಿ ತನ್ನ ಹಾಳೆಗಳನ್ನು ನೋಡುವುದು ಬಿಟ್ಟು ಇವನ ಮುಖ ನೋಡುತ್ತಿದ್ದಳು. ಇವನು ಉತ್ತರ ಕೊಡಲಾಗದೆ ತೊದಲುತ್ತಿದ್ದದ್ದು ಅವಳ ವಾದದ ಬುಡಕ್ಕೇ ಬೀಳುವ ಏಟು ಎಂದು ಅವಳಿಗೆ ಗೊತ್ತಾಗಿತ್ತು. ಆ ಅಣಕು ನ್ಯಾಯಾಲಯದ ಪೀಠದಲ್ಲಿ ಕೂತು ಪ್ರಶ್ನೆ ಕೇಳಿದವನು ನಾನೇ.

ಕಾನೂನು ಓದುವ ಮಕ್ಕಳಿರುವ ಮನೆಗಳಲ್ಲಿ ‘ಮೂಟ್’ ಎಂಬ ಮಾತು ಕಿವಿಗೆ ಬಿದ್ದಿರುತ್ತದೆ. ಕಾಲ್ಪನಿಕ ಪ್ರಕರಣವೊಂದನ್ನು ಕೊಡುತ್ತಾರೆ. ಅದಕ್ಕೆ ಲಿಖಿತ ವಾದ ಬರೆಯಬೇಕು, ಅದೇ ಮೆಮೋರಿಯಲ್. ಆಮೇಲೆ ಪೀಠದ ಮುಂದೆ ನಿಂತು ವಾದಿಸಬೇಕು. ಬಾರ್ ಕೌನ್ಸಿಲ್‌ನ 2008ರ ನಿಯಮಗಳ ಪ್ರಕಾರ ಇದು ಪಠ್ಯದ ಭಾಗವೇ. ಮೂರು ಮೂಟ್, ಒಂದೊಂದಕ್ಕೆ 10 ಅಂಕ, ಅದರಲ್ಲಿ 5 ಬರವಣಿಗೆಗೆ, 5 ಮಾತಿಗೆ. ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ತಂಡಕ್ಕೆ ಮೂವರು: ಇಬ್ಬರು ಸ್ಪೀಕರ್‌ಗಳು, ಒಬ್ಬ ರಿಸರ್ಚರ್.

ಇಬ್ಬರು ಮಾತಾಡುವವರಿದ್ದರೆ ಹಂಚಿಕೆ ಸುಲಭ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನಾಲ್ಕು ಇಶ್ಯೂ ಇದ್ದರೆ ತಲಾ ಎರಡು, ಮೂರಿದ್ದರೆ ಒಬ್ಬರಿಗೆ ಒಂದೂವರೆ. ದೋಸೆ ಹಂಚಿದ ಹಾಗೆ. ಆದರೆ ಒಂದೇ ತೀರ್ಪು ಎರಡು ಇಶ್ಯೂಗಳ ಒಳಗೆ ಬೇರು ಬಿಟ್ಟಿದ್ದರೆ ಈ ಲೆಕ್ಕ ಕೈಕೊಡುತ್ತದೆ. ಅಂದು ಆಗಿದ್ದೂ ಅದೇ.

ಪ್ರಕರಣ ಹೀಗಿತ್ತು. ಊರ ಮಧ್ಯದ ಖಾಸಗಿ ಕಾರ್ಖಾನೆಯಿಂದ ವಿಷಾನಿಲ ಸೋರಿದೆ, ಜನ ಸತ್ತಿದ್ದಾರೆ. ಸಂತ್ರಸ್ತರು ಸಂವಿಧಾನದ 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಿದ್ದಾರೆ. ಕಂಪನಿಯ ಜೊತೆಗೆ, ತಪಾಸಣೆ ಮಾಡದೆ ಪರವಾನಗಿ ನವೀಕರಿಸಿದ ರಾಜ್ಯ ಸರ್ಕಾರವೂ ಪ್ರತಿವಾದಿ. ಇಶ್ಯೂ ಮೂರು: ಖಾಸಗಿ ಕಂಪನಿಯ ವಿರುದ್ಧ ಈ ರಿಟ್ ನಿಲ್ಲುತ್ತದೆಯೇ? ಕಂಪನಿಯ ಹೊಣೆ ಎಷ್ಟರ ಮಟ್ಟಿನದು? ಪರಿಹಾರ ಹೇಗೆ, ಎಷ್ಟು?

ಅರ್ಜಿದಾರರ ಪರ ನಿಂತ ಎಲ್ಲರ ಕೈಯೂ ಮೊದಲು ಹೋಗುವುದು ಎಂ.ಸಿ. ಮೆಹ್ತಾ ಪ್ರಕರಣದ ಕಡೆಗೆ. 1985ರ ಡಿಸೆಂಬರ್‌ನಲ್ಲಿ ದೆಹಲಿಯ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿತು. ಮರುವರ್ಷ ಡಿಸೆಂಬರ್ 20ರಂದು ಮುಖ್ಯ ನ್ಯಾಯಮೂರ್ತಿ ಪಿ.ಎನ್. ಭಗವತಿ ಅವರ ಐವರ ಪೀಠ ತೀರ್ಪು ಕೊಟ್ಟಿತು. ಅಪಾಯಕಾರಿ ಉದ್ಯಮ ನಡೆಸುವವರಿಗೆ ಹಾನಿಯ ಪೂರ್ಣ ಹೊಣೆಯಿದೆ, ರೈಲ್ಯಾಂಡ್ಸ್ ವಿರುದ್ಧ ಫ್ಲೆಚರ್ ಎಂಬ 1868ರ ಇಂಗ್ಲಿಷ್ ತೀರ್ಪಿನಲ್ಲಿದ್ದಂಥ ವಿನಾಯಿತಿಗಳು ಇಲ್ಲಿಲ್ಲ ಎಂದಿತು. ಎರಡನೆಯ ಇಶ್ಯೂಗೆ ಇದಕ್ಕಿಂತ ಗಟ್ಟಿ ಆಧಾರವಿಲ್ಲ. ಆದರೆ ಅಂಥ ಖಾಸಗಿ ಕಂಪನಿ 12ನೇ ವಿಧಿಯ ಅರ್ಥದಲ್ಲಿ ‘ರಾಜ್ಯ’ ಆಗುತ್ತದೆಯೇ ಎಂಬುದನ್ನು ಅದೇ ಪೀಠ ಉದ್ದಕ್ಕೆ ಚರ್ಚಿಸಿ, ಕೊನೆಗೆ ತೀರ್ಮಾನಿಸದೆ ಬಿಟ್ಟಿತು.

ನಮ್ಮ ಹುಡುಗ ಮೊದಲನೆಯ ಇಶ್ಯೂಗೇ ಮೆಹ್ತಾ ಹಿಡಿದುಕೊಂಡು ನಿಂತ. “ಆ ಪ್ರಶ್ನೆಗೆ ಉತ್ತರ ಹೇಳದೆ ಬಿಟ್ಟ ತೀರ್ಪಲ್ಲವೇ ಅದು?” ಎಂದೆ. “ಹೌದು ಮೈ ಲಾರ್ಡ್, ಮುಕ್ತವಾಗಿ ಬಿಟ್ಟಿದೆ” ಎಂದು ಒಪ್ಪಿಕೊಂಡ. ಅವನು ಒಪ್ಪಿಕೊಂಡದ್ದು ಸತ್ಯವೇ. ಆದರೆ ಅದರ ಬೆಲೆ ತೆತ್ತವಳು ಜೊತೆಗಾತಿ.

ಏಕೆಂದರೆ 1991ರಲ್ಲಿ ಭೋಪಾಲ್ ಅನಿಲ ದುರಂತದ ಯೂನಿಯನ್ ಕಾರ್ಬೈಡ್ ತೀರ್ಪಿನಲ್ಲಿ ನ್ಯಾಯಮೂರ್ತಿ ರಂಗನಾಥ ಮಿಶ್ರ ಇದೇ ದಾರಿಯಲ್ಲಿ ಹೋಗಿದ್ದರು. ಕಂಪನಿ ‘ರಾಜ್ಯ’ವೇ ಎಂಬುದು ಮೆಹ್ತಾದಲ್ಲಿ ತೀರ್ಮಾನವಾಗಲಿಲ್ಲ, ಹಾಗಾಗಿ ಪರಿಹಾರದ ಆದೇಶವೂ ಬರಲಿಲ್ಲ, ಅಂದ ಮೇಲೆ ಪೂರ್ಣ ಹೊಣೆಯ ಬಗ್ಗೆ ಹೇಳಿದ್ದು ‘ಒಬಿಟರ್’ ಎಂಬುದು ಅವರ ಅಭಿಪ್ರಾಯ. ಒಬಿಟರ್ ಎಂದರೆ ತೀರ್ಪಿಗೆ ಅಗತ್ಯವಿಲ್ಲದೆ ಬಂದ ಮಾತು, ಕಟ್ಟಿಹಾಕುವ ಬಲ ಅದಕ್ಕಿಲ್ಲ. ಮೊದಲನೆಯ ಸ್ಪೀಕರ್ ಹಗುರವಾಗಿ ಬಿಟ್ಟುಕೊಟ್ಟದ್ದೇ ಎರಡನೆಯವಳ ಎದುರಾಳಿಗೆ ಆಯುಧ.

ಇದಕ್ಕೂ ಉತ್ತರವಿದೆ. 1996ರ ಬಿಚ್ಛಡಿ ಪ್ರಕರಣದಲ್ಲಿ ನ್ಯಾಯಮೂರ್ತಿ ಜೀವನ್ ರೆಡ್ಡಿ ಅವರು ಮೆಹ್ತಾದ ಮಾತು ಒಬಿಟರ್ ಅಲ್ಲ ಎಂದರು. ಮಿಶ್ರ ಅವರದ್ದು ಪ್ರತ್ಯೇಕ ಅಭಿಪ್ರಾಯ, 1991ರ ಬಹುಮತದ ತೀರ್ಪು ಈ ಬಗ್ಗೆ ಏನೂ ಹೇಳಿಲ್ಲ ಎಂದು ತೋರಿಸಿದರು. ಜಾಣ ಪೀಠ ಅಲ್ಲಿಗೂ ಬಿಡುವುದಿಲ್ಲ: “ಬಿಚ್ಛಡಿ ಇಬ್ಬರ ಪೀಠ ತಾನೇ?” ಎನ್ನುತ್ತದೆ. ಹೌದು, ಆದರೆ ಆ ಇಬ್ಬರು ಅನುಸರಿಸಿದ್ದು ಐವರ ಮೆಹ್ತಾವನ್ನೇ. ಈ ಸರಪಳಿಯನ್ನು ನಿಧಾನವಾಗಿ, ಎಡವದೆ ಹೇಳಲು ಒಂದೂವರೆ ನಿಮಿಷ ಬೇಕು, ಒಬ್ಬರ ಬಾಯಿಂದಲೇ ಬರಬೇಕು.

ಹಾಗಾಗಿ ನನ್ನ ಹಂಚಿಕೆ ಬೇರೆ. ಮೆಹ್ತಾ, ಕಾರ್ಬೈಡ್, ಬಿಚ್ಛಡಿ ಮೂರೂ ಎರಡನೆಯ ಸ್ಪೀಕರ್‌ಗೆ, ಪರಿಹಾರದ ಇಶ್ಯೂವೂ ಅವಳಿಗೇ. ಪರಿಹಾರದ ಮೊತ್ತ ಉದ್ಯಮದ ಗಾತ್ರ, ಸಾಮರ್ಥ್ಯಕ್ಕೆ ತಕ್ಕಂತೆ ಇರಬೇಕು ಎಂದದ್ದೂ ಮೆಹ್ತಾವೇ ಅಲ್ಲವೇ? ಮೊದಲನೆಯವನು ರಿಟ್ ನಿಲ್ಲುವ ಪ್ರಶ್ನೆಯನ್ನು ಬೇರೆ ನೆಲದ ಮೇಲೆ ಕಟ್ಟಲಿ. ರಾಜ್ಯ ಸರ್ಕಾರದ ತಪಾಸಣೆಯ ವೈಫಲ್ಯ ಅವನ ಮೊದಲ ಕಂಬ. ಅದರ ವಿರುದ್ಧ ರಿಟ್ ನಿಲ್ಲುವುದರಲ್ಲಿ ತಕರಾರಿಲ್ಲ. 2023ರ ಕೌಶಲ್ ಕಿಶೋರ್ ತೀರ್ಪು ಎರಡನೆಯದು. 19 ಮತ್ತು 21ನೇ ವಿಧಿಯ ಹಕ್ಕುಗಳನ್ನು ಖಾಸಗಿಯವರ ವಿರುದ್ಧವೂ ಜಾರಿಗೊಳಿಸಬಹುದು ಎಂದು ಅಲ್ಲಿ ಬಹುಮತ ಹೇಳಿದೆ. ಅದೇ ಪೀಠದಲ್ಲಿದ್ದ ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಇದನ್ನು ಒಪ್ಪದೆ ಬೇರೆ ಬರೆದರು. ಪ್ರತಿವಾದಿ ಅದನ್ನು ಓದಿಕೊಂಡೇ ಬರುತ್ತಾನೆ ಎಂದು ಇವನಿಗೆ ಗೊತ್ತಿರಬೇಕು.

ಪೀಠವೇ ಮೊದಲನೆಯವನ ಮುಂದೆ ಮೆಹ್ತಾ ಎತ್ತಿದರೆ? ಅದಕ್ಕೆ ಇಬ್ಬರೂ ಕೂತು ಒಪ್ಪಿದ ಎರಡು ವಾಕ್ಯ ಸಾಕು: “12ನೇ ವಿಧಿಯ ಪ್ರಶ್ನೆ ಅಲ್ಲಿ ಉಳಿಯಿತು, ನಾವು ಅದನ್ನು ಅವಲಂಬಿಸಿಲ್ಲ. ಹೊಣೆಯ ತತ್ವ ಮಾತ್ರ ಬದ್ಧಕಾರಿ ಎಂದು 1996ರಲ್ಲಿ ತೀರ್ಮಾನವಾಗಿದೆ.” ಬರೀ “ಅದನ್ನು ನನ್ನ ಸಹ ವಕೀಲರು ಹೇಳುತ್ತಾರೆ” ಎಂದು ಜಾರಿಕೊಂಡರೆ ಪೀಠಕ್ಕೆ ರೇಗುತ್ತದೆ. ನನಗಂತೂ ರೇಗುತ್ತದೆ.

ಇನ್ನು ಸಮಯ. ತಂಡಕ್ಕೆ 25 ನಿಮಿಷ ಎಂದಿಟ್ಟುಕೊಳ್ಳಿ. ಮರು ಉತ್ತರಕ್ಕೆ 2 ತೆಗೆದಿಟ್ಟರೆ 23 ಉಳಿಯಿತು. ನಾನಾದರೆ ಮೊದಲನೆಯವನಿಗೆ 10, ಎರಡನೆಯವಳಿಗೆ 13 ಕೊಡುತ್ತೇನೆ. ಇದನ್ನು ವಾದ ಶುರುವಾಗುವ ಮೊದಲೇ ಕೋರ್ಟ್ ಮಾಸ್ಟರ್‌ಗೆ ಹೇಳಬೇಕು. 10 ನಿಮಿಷ ಸಿಕ್ಕಿತೆಂದು 10 ನಿಮಿಷದ ಮಾತು ಸಿದ್ಧಮಾಡಿಕೊಳ್ಳುವುದೇ ಹೊಸಬರ ತಪ್ಪು. ಅರ್ಧ ಸಮಯವನ್ನು ಪ್ರಶ್ನೆಗಳು ನುಂಗುತ್ತವೆ, ಐದು ನಿಮಿಷದ ಮಾತು ಸಾಕು. ಪೀಠ ಸುಮ್ಮನಿದ್ದರೆ ಬಿಚ್ಚಲು ಒಂದು ಹೆಚ್ಚಿನ ವಾದ ಜೇಬಿನಲ್ಲಿರಲಿ.

ಪುಟದ ಲೆಕ್ಕವನ್ನು ಸಮಯಕ್ಕೆ ಹೊಂದಿಸಲು ಹೋಗಬೇಡಿ. ವಾದದ ಭಾಗಕ್ಕೆ 15 ಪುಟದ ಮಿತಿಯಿದ್ದರೆ ಮೊದಲನೆಯ ಇಶ್ಯೂಗೆ 4 ಸಾಕು, ಎರಡನೆಯದಕ್ಕೆ 7, ಮೂರನೆಯದಕ್ಕೆ 4. ನಾಲ್ಕೇ ಪುಟದ ರಿಟ್ ಪ್ರಶ್ನೆಗೆ ಹತ್ತು ನಿಮಿಷ ಏಕೆಂದರೆ ಎಲ್ಲ ಪೀಠಗಳೂ ಮೊದಲು ಕೆಣಕುವುದು ಅಲ್ಲೇ. ಅಡಿಟಿಪ್ಪಣಿಯಲ್ಲಿ ಮೂವತ್ತು ತೀರ್ಪುಗಳಿರಲಿ, ಬಾಯಲ್ಲಿ ಹೇಳುವುದು ತಲಾ ಮೂರು. ಆ ಮೂರರ ಬೇಕಾದ ಪ್ಯಾರಾಗೆ ಕಂಪೆಂಡಿಯಂನಲ್ಲಿ ಬಣ್ಣದ ಚೀಟಿ ಅಂಟಿಸಿರಬೇಕು.

ಇದೆಲ್ಲ ಮೆಮೋರಿಯಲ್ ಬರೆಯುವ ಮೊದಲೇ ಆಗಬೇಕಾದ ಕೆಲಸ, ಸಲ್ಲಿಸಿದ ಮೇಲೆ ಅದನ್ನು ತಿದ್ದುವಂತಿಲ್ಲ. ಅಂದಿನ ತಂಡದ ಮೆಮೋರಿಯಲ್‌ನಲ್ಲಿ ಮೆಹ್ತಾ ಎರಡು ಕಡೆ ಇತ್ತು. ಒಂದು ಪುಟದಲ್ಲಿ ‘ಈ ಪ್ರಶ್ನೆ ಮುಕ್ತವಾಗಿದೆ’, ಇನ್ನೊಂದರಲ್ಲಿ ‘ಎಲ್ಲವೂ ಇತ್ಯರ್ಥವಾಗಿದೆ’. ಬರವಣಿಗೆಗೆ ಅವರಿಗೆ ಒಳ್ಳೆಯ ಅಂಕವೇ ಬಿದ್ದಿತ್ತು. ಆದರೆ ಮಾತಿನ ಸುತ್ತಿನಲ್ಲಿ ಹುಡುಗಿ ಎದ್ದು ನಿಂತ ಕೂಡಲೇ ಎದುರಾಳಿಗಿಂತ ಮೊದಲು ನಾನೇ ಆ ಎರಡು ಪುಟ ತೆರೆದೆ.