ಸೀನಿಗೆ ಮುನ್ನಿನ ಬಿಗಿತ

ದಾವಣಗೆರೆಯ ಅಡುಗೆಮನೆಗಳಲ್ಲಿ ಮಂಡಕ್ಕಿಯ ಒಗ್ಗರಣೆಗೆ ಮೆಣಸಿನಕಾಯಿ ಬಿದ್ದೊಡನೆ ಏಳುವ ಘಾಟಿಗೆ ಸೀನದವರು ವಿರಳ. ಆದರೆ ಆ ಸೀನಿನೊಡನೆ ಉಡುಪೂ ಒದ್ದೆಯಾಗುವುದನ್ನು, ಎರಡು ಮೂರು ಹೆರಿಗೆ ಕಂಡ ಎಷ್ಟೋ ಮಂದಿ ಗೃಹಿಣಿಯರು ಒಡಹುಟ್ಟಿದವರಿಗೂ ಹೇಳದೆ, ವೈದ್ಯರಿಗೂ ಹೇಳದೆ, ಪ್ರಾರಬ್ಧವೆಂದು ಸಹಿಸಿಕೊಂಡಿರುತ್ತಾರೆ. ಇದು ಪ್ರಾರಬ್ಧವಲ್ಲ, ಬಹುಮಟ್ಟಿಗೆ ಸರಿಪಡಿಸಬಹುದಾದ ದೌರ್ಬಲ್ಯ.

ಮುಂದಿನ ಗುಹ್ಯಾಸ್ಥಿಯಿಂದ ಹಿಂದಿನ ಬಾಲದ ಮೂಳೆಯವರೆಗೆ ಜೋಲಿಯಂತೆ ಹರಡಿಕೊಂಡು ಮೂತ್ರಕೋಶ, ಗರ್ಭಕೋಶ, ಗುದನಾಳಗಳಿಗೆ ಆಧಾರವಾಗಿರುವ ಸ್ನಾಯುಸಮೂಹಕ್ಕೆ ಶ್ರೋಣಿತಲವೆಂದು ಹೆಸರು. ಸೀನಿದಾಗ ಉದರದ ಒತ್ತಡವು ಥಟ್ಟನೆ ಮೂತ್ರಕೋಶದ ಮೇಲೆ ಬೀಳುತ್ತದೆ. ಆ ಕ್ಷಣದಲ್ಲಿ ಶ್ರೋಣಿತಲವು ಬಿಗಿದು ಮೂತ್ರದ್ವಾರದ ನಾಳಕ್ಕೆ ಕೆಳಗಿನಿಂದ ಆಸರೆ ಕೊಟ್ಟರೆ ಮೂತ್ರವು ಹೊರಬೀಳದು. ಹೆರಿಗೆಯಲ್ಲಿ ಹಿಗ್ಗಿ ಸೊರಗಿದ ಸ್ನಾಯುವಾದರೋ ಈ ಆಸರೆಯನ್ನು ಸಕಾಲದಲ್ಲಿ ಒದಗಿಸಲಾರದು.

ಹರಿಹರದಿಂದ ದಾವಣಗೆರೆಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ, ನಲವತ್ತು ದಾಟಿದ ಶಿಕ್ಷಕಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಬಸ್ಸಿನ ಎತ್ತರದ ಮೆಟ್ಟಿಲಿನಿಂದ ಧುಮುಕುವಾಗ ಅವರಿಗೆ ಹನಿಯುತ್ತದೆ. ಯಾರೋ ಹೇಳಿದ ವ್ಯಾಯಾಮವನ್ನು ತಿಂಗಳುಗಟ್ಟಲೆ ಮಾಡಿಯೂ ಫಲ ಕಾಣದೆ ವೈದ್ಯೆಯ ಬಳಿಗೆ ಹೋದಾಗ, ಆಕೆ ಯೋನಿಯೊಳಗೆ ಬೆರಳಿಟ್ಟು ಪರೀಕ್ಷಿಸಿ, “ನೀವು ಮೇಲಕ್ಕೆ ಎಳೆಯುತ್ತಿಲ್ಲ, ಕೆಳಕ್ಕೆ ಮುಕ್ಕುತ್ತಿದ್ದೀರಿ” ಎನ್ನುತ್ತಾರೆ. ಅನೇಕರು ಎಡವುವುದು ಇಲ್ಲಿಯೇ: ಉಸಿರು ಬಿಗಿಹಿಡಿದು, ಹೊಟ್ಟೆ ತೊಡೆಗಳನ್ನು ಗಟ್ಟಿಮಾಡಿ, ಶ್ರೋಣಿತಲಕ್ಕೆ ಇನ್ನಷ್ಟು ಭಾರವನ್ನು ಹೇರುವುದು.

ಸರಿಯಾದ ಕ್ರಮವೆಂದರೆ, ಅಪಾನವಾಯುವನ್ನು ತಡೆಹಿಡಿಯುವಂತೆ ಗುದದ್ವಾರವನ್ನು ಬಿಗಿದು, ಆ ಬಿಗಿತವನ್ನು ಮುಂದಕ್ಕೂ ಮೇಲಕ್ಕೂ ಸೆಳೆದುಕೊಂಡು, ಸಹಜವಾಗಿ ಉಸಿರಾಡುತ್ತ ಕೆಲವು ಸೆಕೆಂಡು ನಿಲ್ಲಿಸಿ, ಅಷ್ಟೇ ಹೊತ್ತು ಪೂರ್ಣವಾಗಿ ಸಡಿಲಿಸುವುದು. ಹೀಗೆ ಒಂದು ಸಲಕ್ಕೆ 8 ಬಾರಿಯಂತೆ ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು ಮಾಡತಕ್ಕದ್ದು; ಹಿಡಿತವನ್ನು ಕ್ರಮೇಣ 10 ಸೆಕೆಂಡಿನವರೆಗೆ ಬೆಳೆಸಬಹುದು. ಮೂತ್ರ ಮಾಡುವಾಗ ಧಾರೆಯನ್ನು ತಡೆದು ಅಭ್ಯಾಸಮಾಡುವುದು ಮಾತ್ರ ಕೂಡದು. ಅದರಿಂದ ಮೂತ್ರಕೋಶ ಪೂರ್ತಿ ಬರಿದಾಗದಿರಬಹುದು.

ಬಲದಷ್ಟೇ ಮುಖ್ಯವಾದುದು ಸಮಯ. ಸೀನು ಬರುತ್ತಿದೆಯೆಂದು ಮೂಗು ಸೂಚಿಸಿದ ಕೂಡಲೆ, ಮೆಟ್ಟಿಲಿಳಿಯಲು ಕಾಲೆತ್ತುವ ಮುನ್ನವೇ, ಸ್ನಾಯುವನ್ನು ಬಿಗಿದು ಸೀನು ಮುಗಿಯುವ ತನಕ ಬಿಡದಿರಬೇಕು. ಅಮೆರಿಕದ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ, ಅಲ್ಪ ಪ್ರಮಾಣದ ಸೋರಿಕೆಯುಳ್ಳ ವಯೋವೃದ್ಧೆಯರು ಈ ಪೂರ್ವಸಂಕೋಚವನ್ನು ಕಲಿತ ಒಂದೇ ವಾರದಲ್ಲಿ ಕೆಮ್ಮಿನ ಸೋರಿಕೆ ಬಹಳ ತಗ್ಗಿತು. ಸ್ನಾಯು ಇನ್ನೂ ಬಲಗೊಳ್ಳದ ಅಷ್ಟು ಅಲ್ಪಾವಧಿಯಲ್ಲಿ ದೊರೆತ ಈ ಫಲವನ್ನು ನಾನು ಅತ್ಯಂತ ಆಶಾದಾಯಕವೆಂದು ಭಾವಿಸುತ್ತೇನೆ.

ಸ್ಥೂಲಕಾಯದವರು ತೂಕವನ್ನು ಕೊಂಚ ಇಳಿಸಿದರೂ, ಬಹುದಿನದ ಕೆಮ್ಮನ್ನೂ ಮಲಬದ್ಧತೆಯನ್ನೂ ಗುಣಪಡಿಸಿಕೊಂಡರೂ ಒತ್ತಡ ಕಡಮೆಯಾಗುವುದು. ಅಭ್ಯಾಸವೊಂದರಿಂದಲೇ ಸಾಲದವರಿಗೆ ವೈದ್ಯೆಯು ಅಳತೆ ನೋಡಿ ಯೋನಿಯೊಳಗೆ ತೊಡಿಸುವ, ತೆಗೆದು ತೊಳೆದು ಮತ್ತೆ ಬಳಸಬಹುದಾದ ಸಿಲಿಕೋನ್ ಉಂಗುರವೂ ಉಂಟು. ಆದರೆ ಸೀನು ಕೆಮ್ಮುಗಳಿಲ್ಲದೆ ತಟಕ್ಕನೆ ಅವಸರವಾಗಿ ಸೋರುವುದು ಬೇರೆಯೇ ವ್ಯಾಧಿ, ಅದರ ಚಿಕಿತ್ಸೆಯೂ ಬೇರೆ. ಇನ್ನು ಮೂತ್ರದಲ್ಲಿ ರಕ್ತ, ಉರಿ, ಅಥವಾ ಯೋನಿಯಲ್ಲಿ ಗಡ್ಡೆಯಂತೆ ಏನಾದರೂ ಇಳಿದುಬಂದದ್ದು ಕಂಡರೆ, ವ್ಯಾಯಾಮದ 3 ತಿಂಗಳು ಕಾಯದೆ ಮೊದಲು ಪರೀಕ್ಷೆ ಮಾಡಿಸಿಕೊಳ್ಳಬೇಕು.